ಮೇಲಿನ ಸಾಲಿನ ತಾರೀಖು

ನೇತ್ರಾವತಿ ಹುಟ್ಟಿದ್ದು ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ, ಕುರಿಗಾರರ ಮನೆಯಲ್ಲಿ. ನಡೆಯಲು ಕಲಿತದ್ದು ಮಾತ್ರ ಯಾವ ಊರಿನ ಹೊಲದಲ್ಲೋ ಅವ್ವನಿಗೂ ನೆನಪಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಳ ಹಿಂದೆ ಹೊರಟರೆ ಮಳೆಗಾಲದ ಹೊತ್ತಿಗೆ ಊರು ಸೇರುವ ಸಂಸಾರ ಅದು. ಅವಳ ಶಾಲೆ ನಿಲ್ಲಬಾರದೆಂದು ಅಪ್ಪ ಅವಳನ್ನು ಮಾನ್ವಿಯ ಹಾಸ್ಟೆಲಿಗೆ ಹಾಕಿದ. ಓದಿದಳು, ಡಿಗ್ರಿ ಮುಗಿಸಿದಳು, ಅದೇ ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆದಳು. ಅಪ್ಪ ತೀರಿದ ಮೇಲೆ ಅವ್ವ ಭೀಮವ್ವ ಅವಳ ಜೊತೆ ಬಾಡಿಗೆ ಮನೆಗೆ ಬಂದಳು. ಹಿಂಡು ಅಣ್ಣ ಸಿದ್ರಾಮನ ಕೈಗೆ ಬಂತು.

ಮೂವತ್ತರ ಹತ್ತಿರ ಬಂದಾಗ ನೇತ್ರಾವತಿಗೆ ಮತ್ತೆ ಓದುವ ಮನಸ್ಸಾಯಿತು. ರಾಯಚೂರಿನ ಒಂದು ಕಾಲೇಜಿನಲ್ಲಿ ಭಾನುವಾರಗಳಂದು ಡೇಟಾ ಕೋರ್ಸ್ ಶುರುವಾಗಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಅಲ್ಲಿ ಪಾಠ ಮಾಡುತ್ತಿದ್ದ ಅಬ್ದುಲ್ ವಹೀದ್ ಸರ್ ಮೆತ್ತಗಿನ ಮನುಷ್ಯ, ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವ ಮೊದಲು "ಒರೆಸ್ಲೇನ್ರಿ?" ಎಂದು ಕ್ಲಾಸನ್ನು ಕೇಳುವವರು. ಡಿಸೆಂಬರಿನಲ್ಲಿ ಅವರು ಒಂದು ಅಸೈನ್‌ಮೆಂಟ್ ಕೊಟ್ಟರು. ಎಲ್ಲರೂ ನೋಡಬಹುದಾದ ಒಂದು ಸರಕಾರಿ ಪುಟ ಆರಿಸಿಕೊಳ್ಳಬೇಕು. ಅದರಲ್ಲಿನ ಕೋಷ್ಟಕವನ್ನು ಕೈಯಿಂದ ನಕಲು ಮಾಡದೆ, ಪ್ರೋಗ್ರಾಮ್ ಬರೆದು ತೆಗೆದು, ಒಂದು ಕಡತದಲ್ಲಿ ಸಾಲುಸಾಲಾಗಿ ಇಳಿಸಬೇಕು. ಆ ಸಾಲುಗಳಿಂದ ಯಾರಿಗಾದರೂ ಉಪಯೋಗ ಬೀಳುವ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು.

"ಟೇಬಲ್ ಓದೋದಕ್ಕ ಒಂದೇ ಸಾಲಿನ ರೆಡಿಮೇಡ್ ಫಂಕ್ಷನ್ ಅದ, ನನಗೂ ಗೊತ್ತದ," ಎಂದರು ಸರ್. "ಈ ಸಲ ಅದು ಬ್ಯಾಡ. ಒಂದೊಂದು ಸಾಲು, ಸಾಲಿನ್ಯಾಗಿನ ಒಂದೊಂದು ಚೌಕದ ಮನಿ ನೀವೇ ಬಿಡಿಸ್ರಿ. ಒಳಗ ಏನದ ಅಂತ ತಿಳೀಲಿ. ಮತ್ತ, ಯಾರದೇ ಪುಟಕ್ಕ ಹೋದ್ರೂ ಮೊದಲು ಅವರ ನಿಯಮ ನೋಡ್ರಿ. ರೋಬೋಟ್ಸ್ ಅನ್ನೋ ಫೈಲ್‌ನ್ಯಾಗ ಪ್ರೋಗ್ರಾಮಿಗೆ ಎಲ್ಲಿ ಬರಬ್ಯಾಡ ಅಂದಾರ, ಅಲ್ಲಿ ಹೋಗಬ್ಯಾಡ್ರಿ. ಒಂದು ಪುಟ ಕೇಳಿದ ಮ್ಯಾಲ ನಾಕೈದು ಸೆಕೆಂಡ್ ತಡೀರಿ. ಆ ಸರ್ವರ್ ನಿಮ್ಮೊಬ್ಬರಿಗೇ ಇಟ್ಟಿಲ್ಲ."

ಬಹಳ ಜನ ಮಳೆಯ ಲೆಕ್ಕ, ಮಾರುಕಟ್ಟೆಯ ದರ ಆರಿಸಿಕೊಂಡರು. ನೇತ್ರಾವತಿಗೆ ಹಿಂದಿನ ವಾರವಷ್ಟೇ ಸಿದ್ರಾಮ ಫೋನಿನಲ್ಲಿ ಹೇಳಿದ್ದು ತಲೆಯಲ್ಲಿತ್ತು. ಕುರಿಗಳಿಗೆ ಲಸಿಕೆ ಹಾಕುವ ಶಿಬಿರ ಈ ತಿಂಗಳೇ ಇದೆಯಂತೆ, ಯಾವ ಊರಿಗೆ ಯಾವತ್ತು ಅಂತ ತಿಳಿಯುತ್ತಿಲ್ಲ, ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ದಿನ ಹೇಳುತ್ತಾರೆ ಎಂದಿದ್ದ. ಅವಳು ಹುಡುಕಿದಳು. ವೇಳಾಪಟ್ಟಿ ಇಲಾಖೆಯ ಪುಟದಲ್ಲಿ ಎಲ್ಲರಿಗೂ ಕಾಣುವಂತೆಯೇ ಇತ್ತು, ತಾಲೂಕಿಗೊಂದು ಪುಟ. ಪ್ರತಿ ಪುಟದಲ್ಲಿ ನಾಲ್ಕು ಕಾಲಂನ ಕೋಷ್ಟಕ: ಊರು, ಸ್ಥಳ, ಕುರಿ–ಮೇಕೆಗಳಿಗೆ ಲಸಿಕೆಯ ದಿನ, ದನ–ಎಮ್ಮೆಗಳಿಗೆ ಕಾಲುಬಾಯಿ ಬೇನೆಯ ಲಸಿಕೆಯ ದಿನ.

ಒಂದು ಊರಿನವನಿಗೆ ಆ ಪಟ್ಟಿ ಸಾಕು. ತನ್ನ ಊರಿನ ಹೆಸರು ನೋಡಿಕೊಂಡರಾಯಿತು. ಕುರಿಗಾರನಿಗೆ ಸಾಲದು. ಅವನು ಇವತ್ತು ಮಾನ್ವಿ ತಾಲೂಕಿನಲ್ಲಿ ಹಿಂಡು ತರುಬಿ ಹೊಲದಲ್ಲಿ ನಿಲ್ಲಿಸಿದ್ದರೆ ಮುಂದಿನ ವಾರ ದೇವದುರ್ಗದ ಗಡಿಯಲ್ಲಿರುತ್ತಾನೆ. ಯಾವ ದಿನ ತನ್ನ ದಾರಿಯ ಯಾವ ಊರಿನಲ್ಲಿ ಕುರಿಗೆ ಸೂಜಿ ಎನ್ನುವುದು ಅವನಿಗೆ ಬೇಕು. ಎಲ್ಲ ತಾಲೂಕುಗಳನ್ನೂ ಕೂಡಿಸಿ, ಊರಿನ ಬದಲು ತಾರೀಖಿನ ಪ್ರಕಾರ ಜೋಡಿಸಿದರೆ ಅದು ಸಿಗುತ್ತದೆ. ನೇತ್ರಾವತಿಗೆ ಪ್ರಶ್ನೆ ಸಿಕ್ಕಿತು.

ಎರಡು ಸಂಜೆ ಕೂತಳು. ರೋಬೋಟ್ಸ್ ಕಡತ ನೋಡಿದಳು. ಆ ಪುಟಗಳಿಗೆ ತಡೆ ಇರಲಿಲ್ಲ. ವಿಳಾಸದ ಕೊನೆಯ ಅಂಕಿ ಬದಲಾದರೆ ತಾಲೂಕು ಬದಲಾಗುತ್ತಿತ್ತು. ಒಂದೊಂದನ್ನೇ ತಡೆದು ತಡೆದು ತರಿಸಿಕೊಂಡು, ಮತ್ತೆ ಮತ್ತೆ ಸರ್ವರಿಗೆ ಹೋಗಬಾರದೆಂದು ತನ್ನ ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡಳು. ಆಮೇಲೆ ಬ್ಯೂಟಿಫುಲ್ ಸೂಪ್ ಎಂಬ ಲೈಬ್ರರಿ ಹಚ್ಚಿ ಬಿಡಿಸತೊಡಗಿದಳು. ಹೆಸರು ಕೇಳಿದ ಭೀಮವ್ವ, "ಸೂಪು ಅಂದ್ರ ಕುಡಿಯೋದಲ್ಲೇನು?" ಎಂದಳು.

"ಇದು ಕುಡಿಯೋದಲ್ಲ ಬೇ. ಪುಟ ಅಂದ್ರ ನಮಗ ಕಾಣೂದು ಬ್ಯಾರೆ, ಅದರ ಹಿಂದ ಬರದಿದ್ದು ಬ್ಯಾರೆ. ಹಿಂದಿಂದು ಎಲ್ಲಾ ಕಲಸಿ ಬಿಟ್ಟಂಗ ಇರ್ತದ. ಇದು ಬಿಡಿಸಿ ಕೊಡ್ತದ."

ಕೋಷ್ಟಕ ಹಿಡಿ, ಅದರ ಒಂದೊಂದು ಸಾಲು ತೆಗೆ, ಸಾಲಿನ ಮನೆಗಳನ್ನು ಎತ್ತಿಕೋ. ಶೀರ್ಷಿಕೆಯ ಸಾಲು ಬಿಡು. ಮೊದಲನೇ ಮನೆ ಊರು, ಎರಡನೆಯದು ಸ್ಥಳ, ಮೂರನೆಯದು ಕುರಿಯ ತಾರೀಖು. ನಾಲ್ಕನೆಯ ದನದ ತಾರೀಖು ಅವಳಿಗೆ ಬೇಕಿರಲಿಲ್ಲ, ಮುಟ್ಟಲಿಲ್ಲ. ಕೆಲವು ತಾರೀಖುಗಳ ನಡುವೆ ಚುಕ್ಕಿ, ಕೆಲವುಗಳ ನಡುವೆ ಓರೆಗೆರೆ ಇತ್ತು. ಒಂದೇ ಥರ ಮಾಡಿದಳು. ಊರಿನ ಹೆಸರುಗಳ ಹಿಂದುಮುಂದಿನ ಖಾಲಿ ಜಾಗ ತೆಗೆದಳು. ಪ್ರೋಗ್ರಾಮ್ ಎಲ್ಲೂ ಎಡವದೆ ಕೊನೆಯವರೆಗೆ ಓಡಿತು. ಮೇಲಿನ ಕೆಲವು ಸಾಲುಗಳನ್ನು ಪುಟದ ಜೊತೆ ತಾಳೆ ನೋಡಿದಳು. ಸರಿಯಾಗಿದ್ದವು. ತಾರೀಖಿನ ಪ್ರಕಾರ ಜೋಡಿಸಿದಾಗ, ಡಿಸೆಂಬರಿನ ಒಂದೊಂದು ದಿನವೂ ತನ್ನ ಊರುಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿತು.

ಅಸೈನ್‌ಮೆಂಟನ್ನು ಮಡಚಿಟ್ಟು ಸುಮ್ಮನಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೆ ಅಣ್ಣ ನೆನಪಾದ. ಪಟ್ಟಿಯನ್ನು ಅವನ ಫೋನಿಗೆ ಕಳಿಸಿದಳು. ಅವನು ಅದನ್ನು ಕುರಿಗಾರರ ಗುಂಪಿಗೆ ಹಾಕಿದ. ಓದಲು ಬರುವವರು ಓದದವರಿಗೆ ಧ್ವನಿಯಲ್ಲಿ ಹೇಳಿ ಮುಂದೆ ದೂಡಿದರು. ಮರುದಿನ ಸಿದ್ರಾಮನ ಫೋನು.

"ನೇತ್ರಾ, ಎಲ್ಲಾರೂ ನಿನ್ನ ಹೆಸರೇ ಹೇಳಾಕತ್ಯಾರ ನೋಡು. ಬೂದೆಪ್ಪ ಕಾಕಾ ಅಂತೂ, ನಮ್ಮ ಹಟ್ಟ್ಯಾಗ ಹುಟ್ಟಿದ್ದು ನಮಗ ದಾರಿ ತೋರಸಾಕತ್ತದ ಅಂದ."

ಅವತ್ತು ಶಾಲೆಯಲ್ಲಿ ಅವಳು ಮಕ್ಕಳನ್ನು ಯಾವುದಕ್ಕೂ ಗದರಲಿಲ್ಲ.

ಸಿದ್ರಾಮ ಆಗ ಕಾಲುವೆಯ ಬದಿಗೆ, ಭತ್ತ ಕೊಯ್ದ ಹೊಲವೊಂದರಲ್ಲಿ ಹಿಂಡು ತರುಬಿದ್ದ. ಗೊಬ್ಬರಕ್ಕಾಗಿ ಹೊಲದ ಗೌಡ ಇನ್ನೂ ಎಂಟು ದಿನ ಇರಿ ಎಂದಿದ್ದ. ಮೇವೂ ಇತ್ತು, ನೀರೂ ಇತ್ತು. ಆದರೆ ಪಟ್ಟಿಯ ಪ್ರಕಾರ ಹುಣಸಿನಾಳದಲ್ಲಿ ಶುಕ್ರವಾರ ಕುರಿಗೆ ಲಸಿಕೆ. ಆ ಕಡೆ ಎಲ್ಲೋ ಒಂದು ಹಿಂಡಿಗೆ ಮೂಗು ಸೋರಿ ಬೇನೆ ಬಂದಿದೆ ಎಂಬ ಸುದ್ದಿ ಬೇರೆ ಹಬ್ಬಿತ್ತು. ಲಸಿಕೆ ತಪ್ಪಿಸಬಾರದೆಂದು ಸಿದ್ರಾಮನೂ ಇನ್ನೆರಡು ಹಿಂಡಿನವರೂ ಹೊಲ ಬಿಟ್ಟು ನಡೆದರು. ಮರಿ ಹಾಕಿದ ಕುರಿಗಳಿದ್ದವು. ಎಳೆಮರಿಗಳನ್ನು ಕತ್ತೆಯ ಬೆನ್ನಿನ ಚೀಲದಲ್ಲಿ ಇಳಿಬಿಟ್ಟುಕೊಂಡು, ರೋಡಿನ ಲಾರಿಗಳಿಗೆ ದಾರಿ ಬಿಡುತ್ತಾ ಗುರುವಾರ ಹೊತ್ತು ಮುಳುಗುವಾಗ ಹುಣಸಿನಾಳ ಮುಟ್ಟಿದರು.

ಶುಕ್ರವಾರ ನೇತ್ರಾವತಿ ಒಂಬತ್ತನೇ ತರಗತಿಯಲ್ಲಿದ್ದಾಗ ಫೋನು ನಡುಗಿತು. ಕ್ಲಾಸಿನಲ್ಲಿ ಎತ್ತುವವಳಲ್ಲ. ಮತ್ತೆ ನಡುಗಿತು, ಮತ್ತೆ. ಹೊರಗೆ ಬಂದು ಎತ್ತಿದಳು.

"ನೇತ್ರಾ, ಇವತ್ತ ಇಲ್ಲಿ ದನಕ್ಕಂತ," ಎಂದ ಸಿದ್ರಾಮ. ಬೈಯುವ ದನಿಯಲ್ಲ, ಕೇಳುವ ದನಿ. "ಕುರಿದು ಸೋಮವಾರನ ಆಗಿ ಹೋಗ್ಯಾವಂತ. ನೀ ಶುಕ್ರವಾರ ಅಂತ ಕಳಿಸಿದ್ದಿಲ್ಲೇನು?"

"ಹೌದಣ್ಣ. ಪುಟದಾಗ ಹಂಗೇ ಇತ್ತು."

"ಡಾಕ್ಟ್ರು ತಮ್ಮ ಫೋನಿನ್ಯಾಗ ತೋರಿಸಾಕತ್ಯಾರ. ಸೋಮವಾರ ಅಂತನ ಅದ."

"ಅವರು ಆಮ್ಯಾಲ ಬದಲು ಮಾಡಿರಬೇಕು. ನಾ ನೋಡಿ ಹೇಳ್ತೀನಿ ತಡಿ."

ಹೀಗೆ ಹೇಳುವಾಗ ಅವಳಿಗೆ ಅನುಮಾನವೇ ಇರಲಿಲ್ಲ. ಇಲಾಖೆಯವರು ತಾರೀಖು ಬದಲಿಸಿ ಯಾರಿಗೂ ಹೇಳಿಲ್ಲ, ಇನ್ನೇನು. ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು, ತಾನು ಅವತ್ತು ಉಳಿಸಿಕೊಂಡಿದ್ದ ಹಳೆಯ ಪುಟವನ್ನೇ ತೆಗೆದಳು. ಬದಲಾಗಿದ್ದರೆ ಇದರಲ್ಲಿ ಶುಕ್ರವಾರ ಇರಬೇಕು.

ಹಳೆಯ ಪುಟದಲ್ಲೂ ಸೋಮವಾರವೇ ಇತ್ತು.

ಬಸಾಪುರ, ಅದರ ಕೆಳಗೆ ಹುಣಸಿನಾಳ. ಎರಡೂ ಅಕ್ಕಪಕ್ಕದ ಊರುಗಳು, ಒಂದೇ ತಂಡ ಒಂದೇ ದಿನ ಎರಡಕ್ಕೂ ಕುರಿಯ ಲಸಿಕೆ ಮುಗಿಸುವುದಿತ್ತು. ಹಾಗಾಗಿ ಬರೆದವರು ಸೋಮವಾರದ ತಾರೀಖನ್ನು ಎರಡು ಸಲ ಬರೆಯದೆ, ಎರಡು ಸಾಲುಗಳ ಎತ್ತರದ ಒಂದೇ ಮನೆ ಮಾಡಿ ನಡುವೆ ಒಂದೇ ಸಲ ಬರೆದಿದ್ದರು. ದನದ ತಾರೀಖು ಮಾತ್ರ ಬೇರೆ ಬೇರೆ: ಬಸಾಪುರಕ್ಕೆ ಗುರುವಾರ, ಹುಣಸಿನಾಳಕ್ಕೆ ಶುಕ್ರವಾರ. ಕಣ್ಣಿಗೆ ಇದರಷ್ಟು ಸ್ಪಷ್ಟ ಇನ್ನೊಂದಿಲ್ಲ. ಯಾರಿಗೆ ತೋರಿಸಿದರೂ ಸೋಮವಾರ ಎರಡೂ ಊರಿನದು ಎನ್ನುತ್ತಾರೆ.

ಅವಳು ಪುಟದ ಹಿಂದಿನ ಬರಹ ತೆಗೆದಳು. ಬಸಾಪುರದ ಸಾಲಿನಲ್ಲಿ ನಾಲ್ಕು ಮನೆ. ಮೂರನೆಯದಕ್ಕೆ "ರೋಸ್ಪ್ಯಾನ್ ಎರಡು" ಎಂಬ ಗುರುತು, ಅಂದರೆ ಈ ಮನೆ ಕೆಳಗಿನ ಸಾಲಿಗೂ ಸೇರಿದ್ದು. ಹುಣಸಿನಾಳದ ಸಾಲಿನಲ್ಲಿ ಮೂರೇ ಮನೆ: ಊರು, ಸ್ಥಳ, ಶುಕ್ರವಾರ. ಮೇಲಿನಿಂದ ಇಳಿದು ಬರುವ ತಾರೀಖು ಆ ಸಾಲಿನ ಬರಹದಲ್ಲಿ ಇರುವುದೇ ಇಲ್ಲ. ಅವಳ ಪ್ರೋಗ್ರಾಮ್ ಮೂರನೆಯ ಮನೆ ಕೇಳಿತ್ತು. ಮೂರನೆಯ ಮನೆ ಸಿಕ್ಕಿತ್ತು. ದನದ ತಾರೀಖು ಒಂದು ಮನೆ ಎಡಕ್ಕೆ ಸರಿದು ಬಂದು ಕುರಿಯ ತಾರೀಖಿನ ಜಾಗದಲ್ಲಿ ಕೂತಿತ್ತು. ಅದೂ ತಾರೀಖೇ, ಅದೇ ತಿಂಗಳಿನದೇ. ಊರಿನ ಹೆಸರೋ ಸ್ಥಳದ ಹೆಸರೋ ಬಂದು ಕೂತಿದ್ದರೆ ಗೊತ್ತಾಗುತ್ತಿತ್ತು. ನಾಲ್ಕನೆಯ ಮನೆಯನ್ನೂ ಕೇಳಿದ್ದರೆ, ಇಲ್ಲ ಎಂದು ಪ್ರೋಗ್ರಾಮ್ ಅಲ್ಲೇ ನಿಂತು ಕೂಗುತ್ತಿತ್ತು. ಬೇಡದ್ದನ್ನು ಕೇಳಲಿಲ್ಲ, ಅದು ಕೂಗಲಿಲ್ಲ.

ಸ್ಟಾಫ್ ರೂಮಿನ ಫ್ಯಾನು ತಿರುಗುತ್ತಿತ್ತು. ಮಿನಾಜ್ ಎಂಬ ಸಹೋದ್ಯೋಗಿ ಚಹಾದ ಲೋಟ ಮುಂದಿಟ್ಟು ಹೋದಳು. ನೇತ್ರಾವತಿಗೆ ಮೊದಲು ಬಂದದ್ದು ಸಿಟ್ಟು. ಹೀಗೆ ಮನೆ ಕೂಡಿಸಿ ಬರೆಯುವುದೇಕೆ, ಎರಡು ಸಲ ಬರೆದರೆ ಏನಾಗುತ್ತಿತ್ತು? ಆ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಅವರು ಬರೆದದ್ದು ತಪ್ಪಲ್ಲ, ಓದಿದ್ದು ತಪ್ಪು. ಕಾಲುವೆ ಬದಿಯ ಹೊಲ ಬಿಟ್ಟು ಲಾರಿಗಳ ನಡುವೆ ನಡೆದುಬಂದ ಕುರಿಗಳು, ಕತ್ತೆಯ ಚೀಲದಿಂದ ತಲೆ ಹೊರಹಾಕಿದ ಮರಿಗಳು ಅವಳಿಗೆ ಕಾಣತೊಡಗಿದವು. ಆ ದಾರಿಗಳಲ್ಲಿ ಅವಳೂ ನಡೆದವಳು. ಒಂದು ದಿನ ಹೆಚ್ಚಿಗೆ ನಡೆದರೆ ಮರಿಗಳಿಗೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಅಣ್ಣನಿಗೆ ಫೋನು ಹಚ್ಚಿದಳು.

"ಅಣ್ಣಾ, ಇಲಾಖೆಯವರು ಬದಲು ಮಾಡಿಲ್ಲ. ತಪ್ಪು ನಂದೇ. ನಾ ಓದಿಸಿದ್ದು ಸರಿ ಇಲ್ಲ."

ಆ ಕಡೆ ಕುರಿಗಳ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು.

"ನಿನ್ನ ಪಟ್ಟಿ ಅಂತ ನಂಬಿ ಬಂದ್ವಿ ನೇತ್ರಾ," ಎಂದ ಸಿದ್ರಾಮ. "ಬ್ಯಾರೆ ಯಾರ ಹೇಳಿದ್ರೂ ಇನ್ನೊಬ್ಬರ್ನ ಕೇಳಿ ಹೊಂಡ್ತಿದ್ವಿ."

ಅವನೇ ಮುಂದುವರಿಸಿದ: "ಇರ್ಲಿ. ನಮ್ಮದು ಆತು. ಇನ್ನುಳಿದವ್ರದು ನೋಡು. ಎಷ್ಟು ಊರಿಂದು ಹಿಂಗ ಆಗ್ಯಾವ?"

ಅದೇ ಮೊದಲು ನೋಡಬೇಕಾದದ್ದು. ಅರ್ಧ ದಿನದ ರಜೆ ಹೇಳಿ ಮನೆಗೆ ಬಂದು ಕೂತಳು. ಈಗ ಸಾಲಿನಿಂದ ಮನೆಗಳನ್ನು ಎಣಿಸಿ ಎತ್ತಿಕೊಳ್ಳುವ ಪದ್ಧತಿಯನ್ನೇ ಬಿಟ್ಟಳು. ಮೊದಲು ನಾಲ್ಕು ಕಾಲಂನ ಖಾಲಿ ಚೌಕಟ್ಟು ಹಾಕಿಕೊಂಡಳು. ಒಂದು ಮನೆ ಎಷ್ಟು ಸಾಲುಗಳಿಗೆ ಸೇರಿದ್ದೋ ಅಷ್ಟು ಸಾಲುಗಳಲ್ಲಿ, ಅದೇ ಕಾಲಂನಲ್ಲಿ, ಅದರ ಬೆಲೆಯನ್ನು ಮೊದಲೇ ಇಳಿಸಿ ಇಡಬೇಕು. ಕೆಳಗಿನ ಸಾಲಿಗೆ ಬಂದಾಗ, ಆಗಲೇ ತುಂಬಿದ ಜಾಗವನ್ನು ದಾಟಿ ಮುಂದಿನ ಖಾಲಿ ಜಾಗಕ್ಕೆ ಹೊಸ ಮನೆ ಹಾಕಬೇಕು. ಸಾಲು ಗಿಡ್ಡವಾಗಿದೆ ಎಂದಷ್ಟೇ ನೋಡಿ ಸರಿಪಡಿಸಿದರೆ ನಡೆಯುತ್ತಿರಲಿಲ್ಲ. ಕೆಲವು ಕಡೆ ದನದ ತಾರೀಖಿನ ಮನೆ ಕೂಡಿತ್ತು, ಅಲ್ಲಿ ಮೂರನೆಯದು ನಿಜಕ್ಕೂ ಕುರಿಯದೇ. ಎಷ್ಟು ಮನೆ ಕಡಿಮೆ ಎನ್ನುವುದಲ್ಲ, ಯಾವುದು ಮೇಲಿನಿಂದ ಬಂದದ್ದು ಎನ್ನುವುದು ಮುಖ್ಯ. ಕೊನೆಗೆ ಒಂದು ಕಾವಲು ಹಾಕಿದಳು: ಯಾವ ಸಾಲಿನಲ್ಲಾದರೂ ನಾಲ್ಕೂ ಜಾಗ ತುಂಬದಿದ್ದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಬೇಕು.

ಹೊಸ ಪಟ್ಟಿಯನ್ನು ಹಳೆಯದರ ಪಕ್ಕ ಇಟ್ಟು ಬೇರೆ ಬಂದವನ್ನಷ್ಟೇ ತೆಗೆಸಿದಳು. ಕೈಬೆರಳಿನಲ್ಲಿ ಎಣಿಸುವಷ್ಟಿದ್ದವು. ಒಂದೊಂದನ್ನೂ ಪುಟ ತೆರೆದು ಕಣ್ಣಿನಿಂದ ನೋಡಿದಳು. ಕೆಲವು ಊರುಗಳ ದಿನ ಆಗಲೇ ಮುಗಿದಿತ್ತು. ಇನ್ನು ಕೆಲವು ಬರಲಿದ್ದವು. ಅವುಗಳಲ್ಲಿ ಒಂದು ದೇವದುರ್ಗ ತಾಲೂಕಿನ ಸಣ್ಣ ಊರು, ಜಾಲಹಳ್ಳಿಯಿಂದ ಆಚೆ. ಅವಳ ಪಟ್ಟಿಯಲ್ಲಿ ಬುಧವಾರ; ನಿಜವಾಗಿ ಭಾನುವಾರ, ಅಂದರೆ ನಾಡಿದ್ದೇ. ಬೂದೆಪ್ಪ ಕಾಕಾ ಹೋಗುವುದು ಅಲ್ಲಿಗೆಂದು ಅಣ್ಣ ಹೇಳಿದ್ದ.

ಗುಂಪಿನಲ್ಲಿನ ಹಳೆಯ ಸಂದೇಶ ಅಳಿಸಲು ಅಣ್ಣನಿಗೆ ಹೇಳಿದಳು. ಕಳಿಸಿ ದಿನಗಳಾಗಿದ್ದರಿಂದ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ದಾಟಿಹೋಗಿತ್ತು. ಅಳಿಸಿದ್ದರೂ, ಅಲ್ಲಿಂದ ಮುಂದೆ ದಾಟಿದ ಪ್ರತಿಗಳು ಯಾರ ಯಾರ ಜೇಬಿನಲ್ಲಿದ್ದವೋ. ಹೊಸ ಪಟ್ಟಿ ಕಳಿಸಿದರೆ ಎರಡರಲ್ಲಿ ಯಾವುದು ನಿಜವೆಂದು ಓದುವವನಿಗೆ ತಿಳಿಯುವುದು ಹೇಗೆ? ಯೋಚಿಸಿ, ಬರೆಯದೆ, ತನ್ನ ದನಿಯಲ್ಲೇ ಹೇಳಿದಳು.

"ನಾನು ಜಾಲಹಳ್ಳಿ ಭೀಮವ್ವನ ಮಗಳು ನೇತ್ರಾವತಿ. ಲಸಿಕೆದು ಮೊದಲು ಕಳಿಸಿದ್ದ ಪಟ್ಟ್ಯಾಗ ಕೆಲವು ಊರಿನ ತಾರೀಖು ತಪ್ಪು ಅದಾವ. ತಪ್ಪು ಇಲಾಖೆದಲ್ಲ, ನಂದು. ಆ ಊರು ಯಾವ್ಯಾವು ಅಂತ ಈಗ ಹೇಳ್ತೀನಿ, ಕೇಳ್ರಿ. ಹೊಂಡೂಕಿಂತ ಮೊದಲು ಆ ಊರಿನ ಡಾಕ್ಟರ್‌ಗೆ ಒಂದು ಸಲ ಫೋನ್ ಹಚ್ಚಿ ಕೇಳ್ರಿ."

ತಪ್ಪು ನಂದು ಎಂಬಲ್ಲಿ ಮೊದಲ ಸಲ ದನಿ ಒಡೆಯಿತು. ಆ ರೆಕಾರ್ಡಿಂಗ್ ಅಳಿಸಿ, ಮತ್ತೆ ಹೇಳಿ ಕಳಿಸಿದಳು. ಭೀಮವ್ವ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು.

"ಬೂದೆಪ್ಪಗ ಮುಟ್ಟಲ್ಲ ಅದು," ಎಂದಳು. "ಅವನ ಹತ್ರ ಹಳೇ ಫೋನು. ಅದೂ ಚಾರ್ಜ್ ಇದ್ರ ಇತ್ತು."

"ಮತ್ತ ಅವಗ ಮೊದಲಿಂದು ಹ್ಯಾಂಗ ಗೊತ್ತಾತು?"

"ಯಾರೋ ಹೇಳಿರ್ತಾರ. ಜಾಲಹಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಮೀರಾಹುಸೇನ ಅದಾನಲ್ಲ, ಚಾದಂಗಡಿ. ಆ ಕಡಿಗೆ ಹೋಗೋ ಕುರಿಗಾರ್ರೆಲ್ಲಾ ಅವನ ಅಂಗಡಿ ಮುಂದನ ಹೋಗ್ಬೇಕು. ಅವಗ ಹಚ್ಚು."

ಮೀರಾಹುಸೇನನ ನಂಬರು ಹುಡುಕಲು ಮೂರು ಮನೆಗಳಿಗೆ ಫೋನು ಮಾಡಬೇಕಾಯಿತು. ಅವನು ಎಲ್ಲವನ್ನೂ ಕೇಳಿ, "ಬೂದೆಪ್ಪ ನಿನ್ನೆ ಇಲ್ಲೇ ಬಂದಿದ್ನಲ್ಲಮ್ಮ, ಇನ್ನೂ ಟೈಮ್ ಅದ, ಆರಾಮ ಹೋಗ್ತೀನಿ ಅಂದ," ಎಂದ.

"ಟೈಮ್ ಇಲ್ಲ ಮಾಮಾ. ಭಾನುವಾರನ ಅದ. ಹ್ಯಾಂಗಾರ ಮಾಡಿ ಮುಟ್ಟಿಸ್ರಿ."

"ಫಿಕರ್ ಮಾಡಬ್ಯಾಡ. ಆ ಹಳ್ಳಿ ಬಸ್ಸಿನ ಕಂಡಕ್ಟರ್ ನಮ್ಮವನ. ರೋಡಿನ ಬದಿಗೆ ಹಿಂಡು ಕಂಡ್ರ ಬಸ್ ನಿಂದ್ರಿಸಿ ಹೇಳಂತೀನಿ."

ಹೇಳಿದಂತೆಯೇ ಮಾಡಿದ. ಶನಿವಾರ ಮಧ್ಯಾಹ್ನ ಯಾರದೋ ನಂಬರಿನಿಂದ ಬೂದೆಪ್ಪ ಫೋನು ಹಚ್ಚಿದ. ಬಸ್ಸು ನಿಲ್ಲಿಸಿ ಕಂಡಕ್ಟರ್ ಇಳಿದದ್ದನ್ನು ಕಂಡು, ಕುರಿಯೇನಾದರೂ ಗಾಲಿಗೆ ಸಿಕ್ಕಿತೋ ಎಂದು ತನ್ನ ಎದೆ ಝಲ್ಲೆಂದಿತು ಎಂದ. "ಈಗ ಹೊಂಟೀವಿ ಯವ್ವಾ, ನಾಳೆ ಮುಂಜಾನಿ ಮುಟ್ತೀವಿ," ಎಂದು ಇಟ್ಟ. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಹೀಗೆ ಒಬ್ಬೊಬ್ಬರನ್ನೇ ಮುಟ್ಟುತ್ತಾ ಹೋದಳು. ಚಂದ್ರಬಂಡದ ಕಡೆಯ ಒಂದು ಹಿಂಡಿನವರ ಫೋನು ಮಾತ್ರ ಹತ್ತಲೇ ಇಲ್ಲ. ಅವರ ಪರಿಚಯದವರಿಗೂ ಹೇಳಿಟ್ಟಳು. ಆ ಸುದ್ದಿ ಅವರಿಗೆ ತಲುಪಿತೋ, ಲಸಿಕೆ ಸಿಕ್ಕಿತೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಅದೇ ಶನಿವಾರ ಸಂಜೆಯ ಹೊತ್ತಿಗೆ ಅವಳು ಹುಣಸಿನಾಳದಲ್ಲಿದ್ದಳು. ಊರ ಹೊರಗಿನ ಬಯಲಿನಲ್ಲಿ ಮೂರು ಹಿಂಡುಗಳು ಸುತ್ತ ಕಟ್ಟಿದ ಬಲೆಯ ಒಳಗೆ ಒತ್ತಿಕೊಂಡು ನಿಂತಿದ್ದವು. ಮೇವು ಸಾಲದೆ ಕುರಿಗಳು ಬೇಲಿಯ ಒಣ ಎಲೆಗಳಿಗೆ ಬಾಯಿ ಹಾಕುತ್ತಿದ್ದವು. ಸಿದ್ರಾಮ ಅವಳನ್ನು ಕಂಡು, "ಬಸ್ಸಿಗೆ ಬಂದೇನು? ಉಂಡಿಲ್ಲ ನೋಡು," ಎಂದು ಬುತ್ತಿಯ ಗಂಟು ಬಿಚ್ಚಿದ. ಅವನ ಪಕ್ಕದಲ್ಲೇ ಕೂತು ರೊಟ್ಟಿ ತಿಂದು ಎದ್ದಳು.

ಶುಕ್ರವಾರ ಅಣ್ಣನಿಗೆ ಪಟ್ಟಿ ತೋರಿಸಿದ್ದ ಪಶು ಆಸ್ಪತ್ರೆಯ ಪ್ರಭುರಾಜ ಆ ಊರಿನಲ್ಲೇ ಇದ್ದ. ಡಾಕ್ಟರಲ್ಲ, ಪಶು ಪರೀಕ್ಷಕ; ಕುರಿಗಾರರ ಬಾಯಲ್ಲಿ ಮಾತ್ರ ಡಾಕ್ಟರೇ. ನೇತ್ರಾವತಿ ಅವನ ಮುಂದೆ ನಿಂತು ಆದದ್ದನ್ನು ಹೇಳಿದಳು. ಮನೆ ಕೂಡಿದ್ದು, ತಾರೀಖು ಸರಿದದ್ದು. ಅವನು ಫೋನಿನಲ್ಲಿ ತನ್ನದೇ ಪಟ್ಟಿಯನ್ನು ಮತ್ತೊಮ್ಮೆ ನೋಡಿದ.

"ಇದನ್ನ ಬರೆದಾಗ ಮನುಷ್ಯಾರು ನೋಡ್ತಾರ ಅಂತ ಬರೆದಿದ್ವಿರಿ, ಮಷೀನ್ ನೋಡ್ತದ ಅಂತ ಅಲ್ಲ," ಎಂದು ನಕ್ಕ. ಆಮೇಲೆ ನಗು ಬಿಟ್ಟು, "ಬಿಟ್ಟುಹೋದ ಕುರಿಗಳಿಗೆ ಇನ್ನೊಂದು ದಿನ ಅದ. ಆದ್ರ ಒಂದು ಮಾತು. ಈ ಲಸಿಕಿ ಪುಡಿ ಇರ್ತದ. ಒಂದು ಸಲ ನೀರಿನ್ಯಾಗ ಕಲಸಿದ್ವಿ ಅಂದ್ರ ಒಂದೆರಡು ತಾಸಿನ್ಯಾಗ ಮುಗಿಸ್ಬೇಕು, ಉಳಿದದ್ದು ಚೆಲ್ಲೋದ. ಒಂದು ಬಾಟ್ಲಿಗೆ ನೂರು ಕುರಿ. ಅಲ್ಲೊಂದು ಇಲ್ಲೊಂದು ಹಿಂಡು ಅಂದ್ರ ನನಗ ಆಗಲ್ಲ. ಎಲ್ಲಾರೂ ಒಂದೇ ಕಡಿ ನಿಂತ್ರ, ಮ್ಯಾಲಿನವರಿಗೆ ಕೇಳಿ ಮಂಗಳವಾರ ಐಸ್ ಪೆಟ್ಟಿಗಿ ತರ್ತೀನಿ."

"ಎಲ್ಲಿ ನಿಂದ್ರಬೇಕ್ರಿ?"

"ನೀರು, ಮೇವು ಇದ್ದಲ್ಲಿ. ಅದನ್ನ ನಿಮ್ಮ ಅಣ್ಣಾರಿಗೆ ಕೇಳ್ರಿ, ನನಗೇನು ಗೊತ್ತು."

ಸಿದ್ರಾಮ ಕಾಲುವೆ ಬದಿಯ ಹೊಲದ ಗೌಡನಿಗೆ ಫೋನು ಮಾಡಿದ. ಆ ಹೊಲ ಆಗಲೇ ಬೇರೆ ಹಿಂಡಿಗೆ ಹೋಗಿತ್ತು. ಅದರ ಕೆಳಗಿನ ಹೊಲ ಸಿಕ್ಕಿತು. ಮೇವು ತೆಳು, ನೀರು ಹತ್ತಿರ. ಭಾನುವಾರ ಹಿಂಡುಗಳು ಬಂದ ದಾರಿಯಲ್ಲೇ ಮರಳಿ ಹೊರಟವು. ನೇತ್ರಾವತಿ ಅವತ್ತು ಕ್ಲಾಸಿಗೆ ಹೋಗಲಿಲ್ಲ. ಚಪ್ಪಲಿ ಬಿಗಿದುಕೊಂಡು ಹಿಂಡಿನ ಹಿಂದೆ ನಡೆದಳು. ಎಷ್ಟೋ ವರ್ಷಗಳ ಮೇಲೆ, ಎದೆಗವಚಿಕೊಂಡ ಒಂದು ಎಳೆಮರಿಯ ಬಡಿತ ಕೈಗೆ ಹತ್ತುತ್ತಿತ್ತು. ದಾರಿಯಲ್ಲಿ ಅಣ್ಣ ಆ ವಿಷಯ ಎತ್ತಲೇ ಇಲ್ಲ. ಯಾವ ಕುರಿ ಯಾವುದರ ಮಗಳು ಎಂದು ಹೇಳುತ್ತಾ ಬಂದ.

ಆ ಸಂಜೆ ಬೂದೆಪ್ಪನ ಕುರಿಗಳಿಗೆ ಲಸಿಕೆ ಆಯಿತೆಂದು ಮೀರಾಹುಸೇನ ಹೇಳಿಕಳಿಸಿದ. ಮಂಗಳವಾರ ಪ್ರಭುರಾಜ ಪೆಟ್ಟಿಗೆಯೊಂದಿಗೆ ಬಂದ. ಒಬ್ಬರು ಹಿಡಿಯುವುದು, ಒಬ್ಬರು ತೊಗಲು ಎತ್ತುವುದು, ಅವನು ಚುಚ್ಚುವುದು, ಮಾನ್ವಿಯಿಂದ ಬಂದಿದ್ದ ಭೀಮವ್ವ ಸೂಜಿ ಆದ ಕುರಿಯ ಬೆನ್ನಿಗೆ ಬಣ್ಣ ಒರೆಸಿ ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಹೊಲದ ತುಂಬ ಬೆನ್ನಿಗೆ ಕೆಂಪು ಹಚ್ಚಿದ ಕುರಿಗಳು ಹರಡಿದ್ದವು. ಸಿದ್ರಾಮನ ಎರಡು ಎಳೆಮರಿಗಳು ಆ ವಾರ ತೀರಿದವು. ಚಳಿಗೆ ಹೋದವೋ ನಡೆದದ್ದಕ್ಕೋ ಯಾರೂ ಹೇಳಲಾರರು. ಅವನು ಅದನ್ನು ತಂಗಿಗೆ ಹೇಳಲಿಲ್ಲ, ಅವ್ವನಿಂದ ತಿಳಿಯಿತು.

ಮುಂದಿನ ಭಾನುವಾರ ಅಸೈನ್‌ಮೆಂಟ್ ತೋರಿಸುವ ದಿನ. ನೇತ್ರಾವತಿ ಹೊಸ ಪ್ರೋಗ್ರಾಮಿನ ಜೊತೆ ಹಳೆಯದನ್ನೂ ಪರದೆಯ ಮೇಲೆ ಹಾಕಿದಳು. ಯಾವ ಸಾಲು, ಯಾವ ಮನೆ, ಅದರಿಂದ ಯಾರು ಎಲ್ಲಿಂದ ಎಲ್ಲಿಗೆ ನಡೆದರು ಎಂದು ಹೇಳಿದಳು. ಮಳೆಯ ಲೆಕ್ಕ ಆರಿಸಿಕೊಂಡಿದ್ದ ಕಾವ್ಯಾ ಎಂಬವಳು ಕೇಳಿದಳು: "ಸರ್, ರೆಡಿಮೇಡ್ ಫಂಕ್ಷನ್ ಹಾಕಿದ್ರ ಇದು ಆಗ್ತಿದ್ದಿಲ್ಲಲ್ರಿ? ಅದು ರೋಸ್ಪ್ಯಾನ್ ತಾನೇ ಬಿಡಿಸ್ತದ."

"ಬಿಡಿಸ್ತದ," ಎಂದರು ವಹೀದ್ ಸರ್. ಆಮೇಲೆ, "ಬಳಸಬ್ಯಾಡ ಅಂದವ ನಾನು. ಕೈಲೆ ಮಾಡ್ರಿ ಅಂದೆ, ಮಾಡಿದ್ದನ್ನ ಹ್ಯಾಂಗ ಪರೀಕ್ಷಾ ಮಾಡ್ಬೇಕು ಅಂತ ಹೇಳಿಕೊಡಲಿಲ್ಲ. ಅದು ಮೊದಲ ಪಾಠ ಆಗಬೇಕಿತ್ತು," ಎಂದರು. ನೇತ್ರಾವತಿಯನ್ನು ಕೇಳಿದರು: "ಪಟ್ಟಿ ಕಳಿಸೋ ಮೊದಲು ಏನು ತಾಳೆ ನೋಡಿದ್ರಿ?"

"ಮ್ಯಾಲಿನ ನಾಕೈದು ಸಾಲು ಸರ್."

"ಯಾಕ ಮ್ಯಾಲಿನವು?"

ಅವಳು ಯೋಚಿಸಿದಳು. "ಅವು ಕಣ್ಣ ಮುಂದ ಇದ್ವು ಸರ್."

ಸರ್ ಆ ರೆಡಿಮೇಡ್ ಫಂಕ್ಷನ್ನನ್ನು ಅಲ್ಲೇ ಓಡಿಸಿ ಅವಳ ಹೊಸ ಪಟ್ಟಿಯ ಜೊತೆ ತಾಳೆ ನೋಡಿದರು, ಹೊಂದಿತು. ಆಮೇಲೆ ನಡುನಡುವಿನಿಂದ ಸಾಲುಗಳನ್ನು ಆರಿಸಿ, ಒಬ್ಬರು ಪುಟ ನೋಡಿ ಓದಿದರೆ ಇನ್ನೊಬ್ಬರು ಪಟ್ಟಿ ನೋಡಿ ಹೂಂ ಎನ್ನುವಂತೆ ಇಡೀ ಕ್ಲಾಸಿಗೆ ಮಾಡಿಸಿದರು. ಆ ಮಧ್ಯಾಹ್ನ ಬೇರೆ ಇಬ್ಬರ ಅಸೈನ್‌ಮೆಂಟಿನಲ್ಲೂ ಸರಿದ ಸಾಲುಗಳು ಸಿಕ್ಕವು. ಕಾವ್ಯಾಳದರಲ್ಲಿ ಅಳತೆ ಸಿಗದ ದಿನಗಳ ಖಾಲಿ ಮನೆಗಳೆಲ್ಲ ಸೊನ್ನೆಯಾಗಿ, ಮಳೆಯೇ ಬಾರದ ದಿನಗಳಂತೆ ಕೂತಿದ್ದವು.

ಬಸ್ಸಿನಲ್ಲಿ ಮರಳುವಾಗ ನೇತ್ರಾವತಿಗೆ ಒಂದು ಮಾತು ಬಿಡದೆ ಕಾಡಿತು. ಕ್ಲಾಸಿನಲ್ಲಿ ಉಳಿದವರ ತಪ್ಪುಗಳು ಕ್ಲಾಸಿನಲ್ಲೇ ಉಳಿದವು, ತನ್ನದು ಮಾತ್ರ ರೋಡಿಗೆ ಇಳಿದು ನಡೆಯಿತು. ಕಳಿಸಬಾರದಿತ್ತೇ? ಹಾಗೆಂದುಕೊಳ್ಳಲೂ ಮನಸ್ಸು ಒಪ್ಪಲಿಲ್ಲ. ಸರಿಯಿದ್ದ ಸಾಲುಗಳಿಂದ ಎಷ್ಟೋ ಹಿಂಡುಗಳು ಸರಿಯಾದ ದಿನ ಸರಿಯಾದ ಊರು ಮುಟ್ಟಿದ್ದವು; ಅವರು ಯಾರೂ ಫೋನು ಮಾಡಿ ಹೇಳುವುದಿಲ್ಲ. ಕಳಿಸದೆ ಇರುವುದು ಸುಲಭ. ಕಳಿಸಿ, ಅದರ ಹಿಂದೆ ನಿಲ್ಲುವುದು ಬೇರೆ ಕೆಲಸ. ಅದನ್ನು ಕಲಿಯಬೇಕು.

ಮಳೆಗಾಲಕ್ಕೆ ಮೊದಲು ಮುಂದಿನ ಲಸಿಕೆಯ ವೇಳಾಪಟ್ಟಿ ಪುಟಕ್ಕೆ ಬಂತು. ಸುದ್ದಿ ಅವಳಿಗಿಂತ ಮೊದಲು ಸಿದ್ರಾಮನಿಗೆ ತಿಳಿದಿತ್ತು. ಸಂಜೆ ಫೋನು ಮಾಡಿದ.

"ಪಟ್ಟಿ ಬಂತಂತಲ್ಲ ನೇತ್ರಾ, ತಗದೇನು?"

"ತಗದೀನಣ್ಣ. ಇನ್ನೂ ಕಳಿಸಲ್ಲ. ಅವ್ವ ಓದಿಸಿಕೊಳ್ಳಾಕತ್ತಾಳ."

ಭೀಮವ್ವನಿಗೆ ಅಕ್ಷರ ಬಾರದು. ಮಗಳು ಪುಟ ನೋಡಿ ಊರಿನ ಹೆಸರು, ತಾರೀಖು ಓದುತ್ತಾಳೆ. ಪಕ್ಕದ ಮನೆಯ ಅನುರಾಧಾ ಪಟ್ಟಿ ನೋಡಿ ಅದನ್ನೇ ಓದುತ್ತಾಳೆ. ಎರಡೂ ಒಂದೇ ಆಗಿ ಕೇಳಿದರೆ ಭೀಮವ್ವ ಹೂಂ ಎನ್ನುತ್ತಾಳೆ.

"ಎಷ್ಟೊತ್ತು ಆಗ್ತದ?" ಎಂದ ಸಿದ್ರಾಮ.

"ಮಾನ್ವಿದು ಆತು. ದೇವದುರ್ಗದ್ದು ಅರ್ಧ ಅದ."

"ಆಗ್ಲಿ, ಗಡಿಬಿಡಿ ಇಲ್ಲ. ಕುರಿ ಮೇಯಾಕತ್ಯಾವ."